ಕರೆಂಟು ಬಂದರೆ ತಾನೇ ಓಡುವ ಮೋಟಾರು

ಹೊಸೂರಿನಿಂದ ಕೃಷ್ಣಗಿರಿಯವರೆಗೆ ಕೊಳವೆಬಾವಿ ಇರುವ ತೋಟಗಳಲ್ಲಿ ಆಟೋ ಸ್ಟಾರ್ಟರ್ ಎಂಬ ಸಣ್ಣ ಪೆಟ್ಟಿಗೆ ಕಾಣಸಿಗುತ್ತದೆ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೂ ಯಾರೂ ಎದ್ದು ಹೋಗಬೇಕಿಲ್ಲ, ಮೋಟಾರು ತಾನೇ ಓಡತೊಡಗುತ್ತದೆ. ಬಹಳ ಅನುಕೂಲ. ಆದರೆ ಕರೆಂಟು ಹೋಗಿದೆಯಲ್ಲ ಎಂಬ ಧೈರ್ಯದ ಮೇಲೆ ಪೆಟ್ಟಿಗೆ ಬಿಚ್ಚಿ ವೈರಿಗೆ ಕೈ ಹಾಕುವವನಿಗೆ ಅದೇ ಅನುಕೂಲ ಪ್ರಾಣಕ್ಕೆ ಮುಳುವಾಗುತ್ತದೆ. ಅವನಿಗೆ ಅಪಾಯ ಇರುವುದು ಕರೆಂಟು ಇಲ್ಲದ ಹೊತ್ತಿನಲ್ಲಲ್ಲ, ಅದು ಮರಳಿ ಬರುವ ಕ್ಷಣದಲ್ಲಿ.

ಸಾಮಾಜಿಕ ಜಾಲತಾಣಗಳಿಗೆ ಮೊದಲೇ ಪೋಸ್ಟ್ ಬರೆದಿಟ್ಟು, ಹೇಳಿದ ಗಂಟೆಗೆ ತಾನೇ ಪ್ರಕಟಿಸುವ ಷೆಡ್ಯೂಲರ್ ಕೂಡ ಒಂದು ಆಟೋ ಸ್ಟಾರ್ಟರ್ ಎಂದು ನಾನು ಹೇಳಿದರೆ, ಹೋಲಿಕೆ ಸ್ವಲ್ಪ ಅತಿಯಾಯಿತು ಎಂದು ನಿಮಗನ್ನಿಸಬಹುದು. ಇಲ್ಲಿ ಯಾರ ಪ್ರಾಣವೂ ಹೋಗುವುದಿಲ್ಲ, ನಿಜ. ಆದರೂ ಈ ಉಪಕರಣ ಕೆಟ್ಟಾಗ ಏನು ಮಾಡಬೇಕೆಂದು ಬರೆದಿಟ್ಟ ರನ್‌ಬುಕ್‌ಗಳಲ್ಲಿ ನಾನು ನೋಡಿದವೆಲ್ಲ ಒಂದೇ ಭಯದಿಂದ ಹುಟ್ಟಿದವು: ಉಪಕರಣ ಏಳದೇ ಹೋದರೆ ಏನು ಗತಿ? ಅದು ಅರ್ಧ ದಾರಿಯಲ್ಲಿ ಎದ್ದು ಕುಳಿತರೆ ಏನು ಗತಿ ಎಂಬ ಪ್ರಶ್ನೆಯನ್ನು ಅವು ಕೇಳಿಕೊಂಡಿರುವುದಿಲ್ಲ.

ನಾನು ಈ ಪ್ರಶ್ನೆಗೆ ಬಂದದ್ದು ಪೆಟ್ಟು ತಿಂದ ಮೇಲೆ. ಹೊಸೂರಿನ ಒಂದು ಸಣ್ಣ ಕಾರ್ಖಾನೆ, ಪಂಪ್‌ಸೆಟ್‌ಗೆ ಹಾಕುವ ಕಂಟ್ರೋಲರ್ ತಯಾರಿಸುತ್ತದೆ. ಅವರ ಕನ್ನಡ ಬರಹಗಳನ್ನು ನಾನು ನೋಡಿಕೊಡುತ್ತೇನೆ. ಗಿರಾಕಿಗಳು ಆನೇಕಲ್, ಕೋಲಾರದ ಕಡೆಯೂ ಇರುವುದರಿಂದ ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಪೋಸ್ಟ್ ಹೋಗಬೇಕು. ಹೊಸ ಮಾದರಿಯ ಬಿಡುಗಡೆ ಬೆಳಿಗ್ಗೆ 11ಕ್ಕೆ. 10 ಗಂಟೆ 5 ನಿಮಿಷಕ್ಕೆ ಷೆಡ್ಯೂಲರ್ ತೆರೆಯಲಿಲ್ಲ. ಬಿಳಿ ಪರದೆ, ಸುತ್ತುವ ಚಕ್ರ. ಅರ್ಧ ಗಂಟೆ ಕಾದು, ಬೈದು, ಕೊನೆಗೆ ಕೈಯಿಂದಲೇ ಎಲ್ಲ ಕಡೆ ಹಾಕಿದೆವು. 11 ಗಂಟೆ 4 ನಿಮಿಷಕ್ಕೆ ಕೆಲಸ ಮುಗಿಯಿತು, ಟೀ ತರಿಸಿದೆವು. 12 ಗಂಟೆ 40ಕ್ಕೆ ಉಪಕರಣ ಎಚ್ಚರಗೊಂಡು, ತನ್ನ ಸರದಿಯಲ್ಲಿ ಬಾಕಿ ಇದ್ದ ಬಿಡುಗಡೆ ಪೋಸ್ಟನ್ನು ಫೇಸ್‌ಬುಕ್ಕಿಗೂ ಎಕ್ಸ್‌ಗೂ ಮತ್ತೊಮ್ಮೆ ಹಾಕಿತು. ಎರಡು ಸಲ ಬಂದರೆ ಬರಲಿ ಎನ್ನಬಹುದಿತ್ತು. ಆದರೆ ಹಿಂದಿನ ರಾತ್ರಿ ಮಾಲೀಕರು ಬೆಲೆಯನ್ನು 6,450 ರೂಪಾಯಿಯಿಂದ 6,890ಕ್ಕೆ ಏರಿಸಿದ್ದರು. ನಾವು ಕೈಯಿಂದ ಹಾಕಿದ್ದು ಹೊಸ ಬೆಲೆ, ಉಪಕರಣದ ಹೊಟ್ಟೆಯಲ್ಲಿದ್ದದ್ದು ಹಳೆಯದು. ಡೀಲರುಗಳ ಫೋನು ಸಂಜೆಯವರೆಗೂ ನಿಲ್ಲಲಿಲ್ಲ.

ಒಂದೇ ಪೋಸ್ಟನ್ನು ಎರಡು ಸಲ ಹಾಕಲು ಜಾಲತಾಣಗಳೇ ಬಿಡುವುದಿಲ್ಲವಲ್ಲ ಎಂದು ಒಬ್ಬರು ನನ್ನನ್ನು ಕೇಳಿದ್ದರು. ಭಾಗಶಃ ಸರಿ. ಒಂದೇ ಖಾತೆಯಿಂದ ಅಕ್ಷರಶಃ ಅದೇ ಪಠ್ಯ ಬೆನ್ನಿಗೆ ಬೆನ್ನು ಬಂದರೆ ಎಕ್ಸ್ ಅದನ್ನು ನಿರಾಕರಿಸುತ್ತದೆ. ಆದರೆ ನಮ್ಮಲ್ಲಿ ಬೆಲೆ ಬೇರೆಯಾಗಿತ್ತು, ಹಾಗಾಗಿ ಅದು ಬೇರೆ ಪೋಸ್ಟ್. ಅವಸರದಲ್ಲಿ ಕೈಯಿಂದ ಬರೆದದ್ದು ಸರದಿಯಲ್ಲಿದ್ದ ಪಠ್ಯಕ್ಕಿಂತ ಒಂದು ಅಲ್ಪವಿರಾಮದಷ್ಟಾದರೂ ಬೇರೆ ಇರುತ್ತದೆ ಎಂದೇ ಎಣಿಸಬೇಕು.

ಮರುದಿನ ಈ ಕಥೆಯನ್ನು ಕಾರ್ಖಾನೆಯ ಎಲೆಕ್ಟ್ರಿಷಿಯನ್ ಕೇಳಿಸಿಕೊಂಡು, "ಅಣ್ಣಾ, ಮೊದ್ಲು ಮೇನ್ ಆಫ್ ಮಾಡ್ಬೇಕಲ್ವಾ?" ಎಂದರು. ಮಷೀನು ಬಿಚ್ಚುವ ಮುಂಚೆ ಮೇನ್ ಇಳಿಸಿ, ಅದಕ್ಕೊಂದು ಬೀಗ ಹಾಕಿ, ಹೆಸರಿನ ಚೀಟಿ ನೇತುಹಾಕುವುದು ಅವರಿಗೆ ದಿನದ ಕೆಲಸ. ನಮಗೆ ಹೊಳೆದಿರಲಿಲ್ಲ.

ಇಲ್ಲಿ ಮೇನ್ ಎಲ್ಲಿದೆ? ಉಪಕರಣವೇ ತೆರೆಯದಿರುವಾಗ ಅದರೊಳಗೆ ಹೋಗಿ ಸರದಿಯನ್ನು ಅಳಿಸುವಂತಿಲ್ಲ. ಆದರೆ ಉಪಕರಣಕ್ಕೆ ನಮ್ಮ ಖಾತೆಯಲ್ಲಿ ಬರೆಯುವ ಅನುಮತಿ ಕೊಟ್ಟವರು ನಾವೇ, ಕೊಟ್ಟದ್ದು ಜಾಲತಾಣದ ಕಡೆಯಿಂದ. ಅದನ್ನು ಅಲ್ಲಿಂದಲೇ ಹಿಂದಕ್ಕೆ ಪಡೆಯಬಹುದು. ಫೇಸ್‌ಬುಕ್ಕಿನ ಸೆಟ್ಟಿಂಗ್ಸ್‌ನಲ್ಲಿ `Business integrations`, ಎಕ್ಸ್‌ನಲ್ಲಿ `Connected apps`, ಲಿಂಕ್ಡ್‌ಇನ್‌ನಲ್ಲಿ `Permitted services` ಎಂಬ ಪುಟಗಳಿವೆ. ಉಪಕರಣದ ಹೆಸರಿನ ಎದುರು ಇರುವ ತೆಗೆದುಹಾಕುವ ಗುಂಡಿ ಒತ್ತಿದರೆ ಅದರ ಕೈಯಲ್ಲಿರುವ ಕೀಲಿ ಅಲ್ಲಿಗೇ ಸತ್ತಂತೆ. ಆಮೇಲೆ ಅದು ಎದ್ದರೂ ಬಾಗಿಲು ತಟ್ಟಿ ಹಿಂದಿರುಗುತ್ತದೆ. ಇದರಲ್ಲೊಂದು ಸಿಕ್ಕು ಇದೆ. ಫೇಸ್‌ಬುಕ್ಕಿನಲ್ಲಿ ಈ ಅನುಮತಿ ಇರುವುದು ಪುಟದ ಹೆಸರಿನಲ್ಲಲ್ಲ, ಅದನ್ನು ಜೋಡಿಸಿದ ವ್ಯಕ್ತಿಯ ಸ್ವಂತ ಖಾತೆಯಲ್ಲಿ. ಇನ್‌ಸ್ಟಾಗ್ರಾಮ್ ಅನ್ನು ಫೇಸ್‌ಬುಕ್ ಮೂಲಕ ಜೋಡಿಸಿದ್ದರೆ ಅದೂ ಹಾಗೆಯೇ. ಆದ್ದರಿಂದ ಯಾವ ಖಾತೆಯನ್ನು ಯಾರು ಜೋಡಿಸಿದ್ದಾರೆ ಎಂಬುದು ರನ್‌ಬುಕ್ಕಿನ ಮೊದಲ ಸಾಲಾಗಬೇಕು. ಎಷ್ಟೋ ಕಡೆ ಆ ವ್ಯಕ್ತಿ ಕೆಲಸ ಬಿಟ್ಟು ವರ್ಷವಾಗಿರುತ್ತದೆ.

ಇದಕ್ಕೆ ಆಕ್ಷೇಪ ಬರಬಹುದು, ಮತ್ತು ಆ ಆಕ್ಷೇಪ ಹಗುರವಾದದ್ದಲ್ಲ. ಅನುಮತಿ ಕಿತ್ತರೆ ಬಿಡುಗಡೆ ಪೋಸ್ಟ್ ಮಾತ್ರವಲ್ಲ, ಆ ವಾರವೆಲ್ಲ ಸರದಿಯಲ್ಲಿರುವ ಪೋಸ್ಟುಗಳೂ ನಿಂತುಹೋಗುತ್ತವೆ, ಮತ್ತೆ ಜೋಡಿಸಲು ಅರ್ಧ ದಿನದ ತಲೆನೋವು. ಒಪ್ಪುತ್ತೇನೆ. ಆದರೆ ಎರಡು ಬಗೆಯ ಸೋಲನ್ನು ತೂಗಿ ನೋಡಿ. ಕೀಲಿ ಕಿತ್ತ ಮೇಲೆ ನಿಂತ ಪೋಸ್ಟ್ ಕೆಂಪು ಅಕ್ಷರದಲ್ಲಿ ತನ್ನ ಸೋಲನ್ನು ಹೇಳಿಕೊಳ್ಳುತ್ತದೆ. ಎರಡನೇ ಸಲ ಹೋದ ಪೋಸ್ಟ್ ಹಸಿರು ಟಿಕ್ ತೋರಿಸಿ ಸುಮ್ಮನಿರುತ್ತದೆ, ತಪ್ಪು ನಮಗೆ ಗೊತ್ತಾಗುವುದು ಹೊರಗಿನವರ ಫೋನಿನಿಂದ. ದಿನಕ್ಕೆ ಐವತ್ತು ಪೋಸ್ಟ್ ಹಾಕುವ ಸುದ್ದಿಮನೆಯ ಲೆಕ್ಕ ಬೇರೆ ಇರಬಹುದು, ಬೆಲೆ ಅಥವಾ ದಿನಾಂಕ ಇರುವ ಒಂದು ಬಿಡುಗಡೆಗೆ ನಾನಂತೂ ಕೀಲಿ ಕೀಳುವುದನ್ನೇ ಆರಿಸುತ್ತೇನೆ.

ಉಪಕರಣದ ಕಂಪನಿ ಒಂದು ಸ್ಟೇಟಸ್ ಪುಟ ಇಟ್ಟಿರುತ್ತದೆ, ಅಲ್ಲಿ ಹಸಿರು ಇದ್ದರೆ ಸಮಸ್ಯೆ ನಮ್ಮದು, ಕೆಂಪು ಇದ್ದರೆ ಅವರದು ಎಂಬುದು ಇನ್ನೊಂದು ನಂಬಿಕೆ. ಹಸಿರು ಬಣ್ಣ ನನಗೆ ಅಷ್ಟು ನಂಬಿಕೆ ಹುಟ್ಟಿಸುವುದಿಲ್ಲ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಎಂಬ ಸಂಗ್ರಹ ಸೇವೆ ಕುಸಿದಾಗ, ಅದರ ಸ್ಟೇಟಸ್ ಫಲಕವೂ ಅದೇ ಎಸ್3ರ ಮೇಲೆ ನಿಂತಿದ್ದರಿಂದ ಬಣ್ಣ ಬದಲಿಸಲಾಗದೆ ಕೆಲಕಾಲ ಹಸಿರಾಗಿಯೇ ಉಳಿದಿತ್ತು. ಕೆಂಪಾದರೂ ಅಲ್ಲಿರುವ ಸಮಯವನ್ನು ನೋಡಿ ಓದಬೇಕು. ಅವು ಬಹುಪಾಲು ಯುಟಿಸಿಯಲ್ಲಿರುತ್ತವೆ, ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಬೇಕು. `05:10 UTC` ಎಂದರೆ ಬೆಳಗಿನ ಜಾವದ ಹಳೆಯ ಸುದ್ದಿಯಲ್ಲ, ಈಗಷ್ಟೇ 10 ಗಂಟೆ 40ಕ್ಕೆ ಬರೆದದ್ದು.

ಅದರ ಬದಲು ಹತ್ತು ನಿಮಿಷದಲ್ಲಿ ನಾವೇ ಮಾಡಿ ನೋಡಬಹುದಾದ ಪರೀಕ್ಷೆ ಇದೆ. ಆಫೀಸಿನ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಉಪಕರಣ ತೆರೆಯುತ್ತದೆಯೇ ನೋಡಿ. ತೆರೆದರೆ ಕಾಯಿಲೆ ನಮ್ಮ ಲೈನಿನದು. ತೆರೆಯದಿದ್ದರೆ ಜಾಲತಾಣವನ್ನೇ ಫೋನಿನ ಆ್ಯಪ್‌ನಲ್ಲಿ ತೆರೆದು ಹೊಸ ಪೋಸ್ಟ್ ಹೋಗುತ್ತಿದೆಯೇ ಎಂದು ಯಾರಾದರೊಬ್ಬರ ಸ್ವಂತ ಖಾತೆಯಲ್ಲಿ ನೋಡಿ. ಹೋದರೆ ಕೆಟ್ಟಿರುವುದು ಷೆಡ್ಯೂಲರ್ ಮಾತ್ರ, ಕೈಯಿಂದ ಹಾಕುವ ದಾರಿ ತೆರೆದಿದೆ. ಅದೂ ಹೋಗದಿದ್ದರೆ ಮಾತು ಬೇರೆ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ಸತ್ತಿದ್ದವು. ಅಂಥ ರಾತ್ರಿ ಯಾವ ರನ್‌ಬುಕ್ಕೂ ಫೇಸ್‌ಬುಕ್ಕಿನಲ್ಲಿ ಪೋಸ್ಟ್ ಹಾಕಿಸಲಾರದು. ಅದು ಮಾಡಬಲ್ಲದ್ದು ಇಷ್ಟೇ: ತನ್ನನ್ನು ವಾಟ್ಸಾಪ್ ಗುಂಪಿನಲ್ಲಿ ಬಚ್ಚಿಟ್ಟುಕೊಳ್ಳದೆ ಕಾಗದದ ಮೇಲೆ ಇರುವುದು, ಡೀಲರುಗಳಿಗೆ ಎಸ್‌ಎಂಎಸ್ ಕಳಿಸಲು ನಂಬರುಗಳನ್ನು ಹೊಂದಿರುವುದು.

ಒಂದು ಉಪಕರಣ ಕೈಕೊಟ್ಟರೆ ಇರಲಿ ಎಂದು ಇನ್ನೊಂದಕ್ಕೂ ಚಂದಾ ಕಟ್ಟಿಟ್ಟುಕೊಳ್ಳುವವರಿದ್ದಾರೆ. ತರ್ಕ ಮೇಲ್ನೋಟಕ್ಕೆ ಗಟ್ಟಿ, ಸ್ಟೆಪ್ನಿ ಇಲ್ಲದೆ ಯಾರು ಗಾಡಿ ಹೊರಡಿಸುತ್ತಾರೆ? ಆದರೆ ಸ್ಟೆಪ್ನಿ ನಿಲ್ಲುವುದೂ ಅದೇ ಆಕ್ಸಲ್ ಮೇಲೆ. ಎರಡನೇ ಉಪಕರಣವೂ ಅದೇ ಜಾಲತಾಣದ ಅದೇ ಬಾಗಿಲಿನಿಂದ ಒಳಹೋಗಬೇಕು, ಅದರ ಕೀಲಿಯೂ ತಿಂಗಳುಗಟ್ಟಲೆ ಬಳಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಬೇಕಾದ ದಿನ ಅದು ಕೇಳುವುದು ಮತ್ತೆ ಲಾಗಿನ್. ಅಂದರೆ ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಒಂದು ಪ್ರಶ್ನೆಗೆ: ಈ ಕೋಣೆಯಲ್ಲಿ ಈಗ ನೇರವಾಗಿ ಲಾಗಿನ್ ಆಗಬಲ್ಲವರು ಯಾರು?

ನಮ್ಮಲ್ಲಿ ಅವತ್ತು ಯಾರೂ ಇರಲಿಲ್ಲ. ಅರ್ಧ ಗಂಟೆ ವ್ಯರ್ಥವಾದದ್ದು ಉಪಕರಣಕ್ಕಾಗಿ ಕಾದು ಎಂದು ಮೇಲೆ ಬರೆದೆ. ಪೂರ್ತಿ ನಿಜ ಹೇಳಬೇಕೆಂದರೆ ಅದರಲ್ಲಿ ಹೆಚ್ಚಿನ ಪಾಲು ಹೋದದ್ದು ಒಂದು ಓಟಿಪಿಗೆ. ಓಟಿಪಿ ಬರುವ ಸಿಮ್ ಇದ್ದದ್ದು ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯ ಫೋನಿನಲ್ಲಿ. ಬಸ್ಸು ಅತ್ತಿಬೆಲೆ ಟೋಲ್ ಬಳಿ ನಿಂತಿತ್ತು. ಆಕೆ ಅಂಕಿ ಓದುತ್ತಾಳೆ, ಹಾರ್ನಿನ ಸದ್ದಿನಲ್ಲಿ ಏಳೋ ಎಂಟೋ ತಿಳಿಯುವುದಿಲ್ಲ, ಅಷ್ಟರಲ್ಲಿ ಅದರ ಅವಧಿ ಮುಗಿಯುತ್ತದೆ. ಇತ್ತ ಮೂವರು ಮೂರು ಫೋನಿನಿಂದ ಒಂದೇ ಖಾತೆಗೆ ಲಾಗಿನ್ ಯತ್ನಿಸುತ್ತಿದ್ದರು. ಇದಕ್ಕಿಂತ ಕೆಟ್ಟ ಉಪಾಯವಿಲ್ಲ. ಹೊಸ ಸಾಧನಗಳಿಂದ ಒಟ್ಟಿಗೆ ಬಾಗಿಲು ತಟ್ಟಿದರೆ ಜಾಲತಾಣ ಕಳ್ಳರೆಂದು ಭಾವಿಸಿ ಖಾತೆಯನ್ನೇ ತಡೆಹಿಡಿಯುವ ಸಾಧ್ಯತೆ ಇದೆ, ಆಗ ಒಂದು ಗಂಟೆಯಲ್ಲ, ಇಡೀ ದಿನವೇ ಹೋದೀತು.

ಇದಕ್ಕೆ ಪರಿಹಾರ ಎರಡನೇ ಚಂದಾಕ್ಕಿಂತ ಅಗ್ಗ. ಫೇಸ್‌ಬುಕ್, ಗೂಗಲ್ ಮೊದಲಾದವು ಎರಡು ಹಂತದ ಭದ್ರತೆಯ ಜೊತೆಗೆ ಒಮ್ಮೆ ಮಾತ್ರ ಬಳಸಬಹುದಾದ ಹತ್ತು ರಿಕವರಿ ಕೋಡ್‌ಗಳನ್ನು ಕೊಡುತ್ತವೆ. ಓಟಿಪಿ ಬರದಿದ್ದರೆ ಅದರಲ್ಲಿ ಒಂದು ಸಾಕು. ಅವನ್ನು ಮುದ್ರಿಸಿ, ಲಕೋಟೆಯಲ್ಲಿ ಹಾಕಿ, ಸಹಿ ಮಾಡಿ, ಚೆಕ್ ಪುಸ್ತಕ ಇಡುವ ಬೀರುವಿನಲ್ಲಿ ಇಡಬಹುದು. ಕೋಡನ್ನು ಕಾಗದದಲ್ಲಿ ಇಡುವುದು ಅಸುರಕ್ಷಿತ ಎಂಬ ಮಾತು ಬರುತ್ತದೆ. ಚೆಕ್ ಪುಸ್ತಕವೂ ಕಾಗದವೇ. ಅದಕ್ಕಿಂತ, ಪಾಸ್‌ವರ್ಡನ್ನು ಐವರು ವಾಟ್ಸಾಪ್‌ನಲ್ಲಿ ಹಂಚಿಕೊಂಡಿರುವುದು ಯಾವ ಲೆಕ್ಕದಲ್ಲಿ ಸುರಕ್ಷಿತ ಎಂಬುದು ನನಗಿನ್ನೂ ತಿಳಿದಿಲ್ಲ.

ಲಾಗಿನ್ ಆಯಿತು ಎನ್ನೋಣ. ಇನ್ನು ಕಾಪಿ ಮಾಡಿ ಅಂಟಿಸುವುದಷ್ಟೇ ಎಂದು ಎಲ್ಲರೂ ಭಾವಿಸುತ್ತಾರೆ. ಎಲ್ಲಿಂದ ಕಾಪಿ? ಅಂತಿಮವಾಗಿ ತಿದ್ದಿದ ಪಠ್ಯ ಮತ್ತು ಚಿತ್ರ ಎರಡೂ ಇದ್ದದ್ದು ಬಾಗಿಲು ಮುಚ್ಚಿದ ಉಪಕರಣದೊಳಗೆ. ನನ್ನ ಲ್ಯಾಪ್‌ಟಾಪಿನಲ್ಲಿ ಕನ್ನಡ ಪಠ್ಯದ ಹಳೆಯ ಕರಡು ಸಿಕ್ಕಿತು. ಅದು ಕರಪತ್ರಕ್ಕೆಂದು ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾದದ್ದು. ಫೇಸ್‌ಬುಕ್ಕಿನಲ್ಲಿ ಅಂಟಿಸಿದರೆ "ಕನ್ನಡ" ಎಂದಿದ್ದ ಕಡೆ ಬಂದದ್ದು `PÀ£ÀßqÀ`. ಯೂನಿಕೋಡಿಗೆ ಪರಿವರ್ತಕದಲ್ಲಿ ಹಾಕಿದರೆ ಕನ್ನಡವೇನೋ ಸರಿಹೋಯಿತು, ಆದರೆ ನಡುವೆ ಇಂಗ್ಲಿಷಿನಲ್ಲಿದ್ದ ಮಾದರಿಯ ಹೆಸರನ್ನೂ ಅದು ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಟ್ಟಿತ್ತು. ಅದನ್ನು ಕಂಡದ್ದು ಅದೃಷ್ಟ.

ಎಕ್ಸ್‌ನಲ್ಲಿ ಇನ್ನೊಂದು ಬಗೆಯ ತೊಡಕು. ಅಲ್ಲಿನ 280ರ ಮಿತಿ ನಾವು ಕಣ್ಣಲ್ಲಿ ಎಣಿಸುವ ಅಕ್ಷರಗಳದ್ದಲ್ಲ, ಯೂನಿಕೋಡ್ ಬಿಡಿಭಾಗಗಳದ್ದು. "ಲಕ್ಷ್ಮಿ" ಎಂಬುದು ಕಣ್ಣಿಗೆ ಎರಡು ಅಕ್ಷರ. ಲೆಕ್ಕದಲ್ಲಿ ಏಳು: ಲ, ಕ, ವಿರಾಮ, ಷ, ವಿರಾಮ, ಮ, ಗುಡಿಸು. ಒತ್ತಕ್ಷರ ಹೆಚ್ಚಿದ್ದಷ್ಟೂ ಜಾಗ ಬೇಗ ಮುಗಿಯುತ್ತದೆ. ಕೊಂಡಿ ಎಷ್ಟೇ ಉದ್ದವಿದ್ದರೂ 23 ಎಂದು ಎಣಿಸಲಾಗುತ್ತದೆ. ಹೊತ್ತು ಮೀರುತ್ತಿರುವಾಗ ಪಠ್ಯ ಕತ್ತರಿಸಲು ಕುಳಿತರೆ ಮೊದಲು ಕತ್ತರಿ ಬೀಳುವುದು ಕೊನೆಯ ಸಾಲಿನ ಮೇಲೆ, ಅಲ್ಲಿಯೇ ಬೆಲೆ ಇರುತ್ತದೆ. ಚಿತ್ರವೂ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದರೆ ಕುಗ್ಗಿ, ಸಣ್ಣ ತಮಿಳು ಅಕ್ಷರಗಳು ಕಲಸಿಹೋಗಿರುತ್ತವೆ. `Document` ಎಂದು ಕಳಿಸಿದರೆ ಮೂಲ ಕಡತವೇ ಬರುತ್ತದೆ. ಕೊಂಡಿಯನ್ನು ಉಪಕರಣವೇ ಮೊಟಕುಗೊಳಿಸಿ ಕೊಟ್ಟಿದ್ದರೆ ಅದನ್ನು ಬಳಸಬಾರದು, ಉಪಕರಣದ ಜೊತೆ ಅದೂ ಮಲಗಿರಬಹುದು. ನಮ್ಮ ಸ್ವಂತ ತಾಣದ ಉದ್ದ ವಿಳಾಸವೇ ಕ್ಷೇಮ. ಇಷ್ಟೆಲ್ಲ ಹೇಳುವುದರ ಅರ್ಥ, ಬಿಡುಗಡೆಯ ಹಿಂದಿನ ಸಂಜೆ ಅಂತಿಮ ಪಠ್ಯ ಯೂನಿಕೋಡಿನಲ್ಲಿ, ಪ್ರತಿ ಜಾಲತಾಣಕ್ಕೆ ಒಂದರಂತೆ, ಚಿತ್ರಗಳ ಜೊತೆ ಒಂದು ಫೋಲ್ಡರಿನಲ್ಲಿ ಫೋನಿನಲ್ಲೇ ಇರಬೇಕು. ಉಪಕರಣದೊಳಗೆ ಏನನ್ನು ತಿದ್ದಿದರೂ ಇಲ್ಲಿಯೂ ತಿದ್ದಬೇಕು. ಈ ಎರಡನೆಯದನ್ನು ಜನ ಮರೆಯುತ್ತಾರೆ. ನಮ್ಮಲ್ಲಿ ಹಾಗೆ ಮರೆತದ್ದೇ ಹಳೆಯ ಬೆಲೆ, ಆದರೆ ಮರೆತದ್ದು ಉಪಕರಣದೊಳಗೆ.

ಗುಂಡಿ ಒತ್ತುವ ಕ್ಷಣಕ್ಕೂ ಒಂದು ಮಾತು ಉಳಿದಿದೆ. ಅಂಗಡಿಯಲ್ಲಿ ಯುಪಿಐ ಪಾವತಿ ಅರ್ಧಕ್ಕೆ ನಿಂತಾಗ ಅನುಭವಸ್ಥರು ಏನು ಮಾಡುತ್ತಾರೆ? ತಕ್ಷಣ ಮತ್ತೆ ಕಳಿಸುವುದಿಲ್ಲ, ಮೊದಲು ಬ್ಯಾಂಕಿನ ಬಾಕಿ ನೋಡುತ್ತಾರೆ. ದುಡ್ಡು ಹೋಗಿ, ಹೋಯಿತೆಂಬ ಉತ್ತರ ಮಾತ್ರ ಬಾರದೆ ಇರಬಹುದಲ್ಲ? ಪೋಸ್ಟಿನದೂ ಅದೇ. "ವಿಫಲ" ಎಂದು ಬಂದ ತಕ್ಷಣ ಮತ್ತೆ ಒತ್ತದೆ, ಲಾಗಿನ್ ಇಲ್ಲದ ಇನ್ನೊಂದು ಫೋನಿನಲ್ಲಿ ಪುಟ ತೆರೆದು ನೋಡಬೇಕು. ಎಷ್ಟೋ ಸಲ ಅದು ಅಲ್ಲಿ ಇದ್ದೇ ಇರುತ್ತದೆ.

ಇನ್ನು 11 ಎಂದರೆ 11 ಗಂಟೆಯೇ ಆಗಬೇಕೆಂಬ ಪಟ್ಟು. ಇದನ್ನು ಪೂರ್ತಿ ತಳ್ಳಿಹಾಕಲಾರೆ. ಪತ್ರಿಕೆಗಳಿಗೆ ಅದೇ ಹೊತ್ತಿಗೆ ಸುದ್ದಿ ಬಿಡುಗಡೆ ಎಂದು ಹೇಳಿದ್ದರೆ, ಷೇರುಪೇಟೆಯಲ್ಲಿರುವ ಕಂಪನಿಯಾಗಿದ್ದರೆ, ಸಮಯಕ್ಕೆ ಅದರದೇ ಅರ್ಥವಿದೆ. ಅಲ್ಲೂ ಗಮನಿಸಿ, ತಡವಾಗುವುದಕ್ಕಿಂತ ಮುಂಚೆಯೇ ಹೊರಬೀಳುವುದು ದೊಡ್ಡ ತಪ್ಪು. ಆದರೆ ಉಳಿದವರಿಗೆ ಆ ಗಡುವು ಯಾರದು? ನಮ್ಮ ಜಿಲ್ಲೆಯ ಉದಾಹರಣೆಯನ್ನೇ ನೋಡೋಣ. ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಕಾರ್ಖಾನೆ ಕಟ್ಟಿದ ಓಲಾ ಎಲೆಕ್ಟ್ರಿಕ್ 2021ರ ಜುಲೈನಲ್ಲಿ 499 ರೂಪಾಯಿಗೆ ಸ್ಕೂಟರ್ ಕಾಯ್ದಿರಿಸುವ ಅವಕಾಶ ಕೊಟ್ಟು, ಆಗಸ್ಟ್ 15ಕ್ಕೆ ಅದನ್ನು ಲೋಕಾರ್ಪಣೆ ಮಾಡಿ, ಸೆಪ್ಟೆಂಬರ್ 8ರಿಂದ ಖರೀದಿ ಶುರು ಎಂದು ಸಾರಿತ್ತು. ಆ ದಿನ ಬಂತು, ಖರೀದಿಯ ತಾಣ ಸಿದ್ಧವಾಗಲಿಲ್ಲ. ಕಂಪನಿಯ ಮುಖ್ಯಸ್ಥರು ತಾಂತ್ರಿಕ ತೊಂದರೆ ಎಂದು ಬಹಿರಂಗವಾಗಿ ಕ್ಷಮೆ ಕೇಳಿ, ಸೆಪ್ಟೆಂಬರ್ 15ಕ್ಕೆ ಮುಂದೂಡಿದರು. ಇಡೀ ಒಂದು ವಾರ. ಖರೀದಿ ತೆರೆದ ದಿನ ಜನ ಮತ್ತೆ ಬಂದರು. ಇದರಿಂದ ತಡ ಮಾಡಿದರೆ ಏನೂ ಆಗದು ಎಂಬ ತೀರ್ಮಾನ ಹೊರಡದು, ಟೀಕೆ ಧಾರಾಳವಾಗಿ ಬಂದಿತ್ತು. ನಾನು ಗಮನಿಸುವುದು ಬೇರೆ: ಪೋಸ್ಟ್ ಬರೀ ಕೈಕಂಬ, ಅದು ತೋರಿಸುವ ಊರು ಅಲ್ಲಿರಬೇಕು. ತಾಣ ತೆರೆಯದಿರುವಾಗ ಸಮಯಕ್ಕೆ ಸರಿಯಾಗಿ ಹೋದ ಪೋಸ್ಟ್ ಜನರನ್ನು ಕರೆದು ಬೀಗ ಹಾಕಿದ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಹೀಗಾಗಿ ನಮ್ಮ ಕಾರ್ಖಾನೆಯ ಹೊಸ ಹಾಳೆಯಲ್ಲಿ ಗಂಟೆಯ ಹಂಚಿಕೆ ಬದಲಾಯಿತು. ಮೊದಲ ಹತ್ತು ನಿಮಿಷ ಪರೀಕ್ಷೆಗೆ, ಅದು ಮುಗಿದ ಮೇಲೆ ಉಪಕರಣ ಎದ್ದರೂ ಹಿಂದಿರುಗುವಂತಿಲ್ಲ. ಮುಂದಿನ ಹತ್ತು ಕೀಲಿ ಕೀಳಲು. ಆಮೇಲೆ ಲಾಗಿನ್, ಒಬ್ಬರಿಂದ, ಒಂದೇ ಸಾಧನದಲ್ಲಿ. ಉಳಿದ ಸಮಯ ಪಠ್ಯ ಓದಲು, ಬಿಡುಗಡೆ ಪುಟ ತೆರೆಯುತ್ತದೆಯೇ ನೋಡಲು. ಪುಟ ಸಿದ್ಧವಾಗುವ ಮುಂಚೆ ಯಾರೋ ಕೊಂಡಿ ಅಂಟಿಸಿ ನೋಡಿದ್ದರೆ ಫೇಸ್‌ಬುಕ್ ಹಳೆಯ ಚಿತ್ರವನ್ನೇ ನೆನಪಿಟ್ಟುಕೊಂಡಿರುತ್ತದೆ. ಅದರ ಶೇರಿಂಗ್ ಡೀಬಗ್ಗರ್ ಪುಟದಲ್ಲಿ `Scrape Again` ಒತ್ತಿದರೆ ಮತ್ತೆ ಓದಿಕೊಳ್ಳುತ್ತದೆ. ಉಪಕರಣ ಸರಿಯಾದ ಮೇಲೆ ಕೀಲಿ ಮರಳಿ ಕೊಡುವ ಮುಂಚೆ ಅದರೊಳಗಿನ ಹಳೆಯ ಬಿಡುಗಡೆ ಪೋಸ್ಟನ್ನು ಅಳಿಸಬೇಕು, ಇಲ್ಲದಿದ್ದರೆ ಜೋಡಿಸಿದ ಕೂಡಲೇ ಮತ್ತೆ ಹಾಕಲು ಯತ್ನಿಸುವ ಉಪಕರಣಗಳೂ ಇವೆ.

ಹಾಳೆ ಒಂದೇ ಪುಟ, ಲ್ಯಾಮಿನೇಟ್ ಮಾಡಿ ಮೇನ್ ಬೋರ್ಡಿನ ಪಕ್ಕ ತೂಗುಹಾಕಿದ್ದೇವೆ. ಅದರ ತುದಿಯಲ್ಲಿ ಲಕೋಟೆ ತೆರೆಯಬಹುದಾದ ಇಬ್ಬರ ಹೆಸರಿಗೆ ಜಾಗವಿದೆ. ಮೊದಲನೆಯದು ಮಾಲೀಕರದ್ದು. ಎರಡನೆಯದರಲ್ಲಿ ಯಾರ ಹೆಸರು ಬರೆಯಬೇಕು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಅಲ್ಲಿ ಪೆನ್ಸಿಲ್‌ನಲ್ಲಿ ಎಲೆಕ್ಟ್ರಿಷಿಯನ್ ಹೆಸರಿದೆ.